ಹೊಸ ಖಾತೆಗೆ ಮೊದಲ ಸಲ ಹಣ: ಹೆಸರು ಸೇರಿಸುವ ಮೊದಲೇ ಐಎಫ್‌ಎಸ್‌ಸಿ ನೋಡಿ

ಮಂಡ್ಯದಲ್ಲಿರುವ ನೀವು ಮೈಸೂರಿನ ಕುವೆಂಪುನಗರದಲ್ಲಿ ಮನೆ ಲೀಸಿಗೆ ಹಿಡಿದಿದ್ದೀರಿ ಎಂದುಕೊಳ್ಳಿ. ಸೋಮವಾರ ಬೆಳಿಗ್ಗೆ ಕರಾರು. ಅಷ್ಟರೊಳಗೆ ಮೂರು ಲಕ್ಷ ರೂಪಾಯಿ ಮಾಲೀಕರ ಖಾತೆಗೆ ಸೇರಬೇಕು. ಅವರು ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ವಾಟ್ಸಾಪ್ ಮಾಡಿದ್ದಾರೆ. ನೆಟ್ ಬ್ಯಾಂಕಿಂಗ್‌ನಲ್ಲಿ ಆ ಖಾತೆ ಸೇರಿಸುವ ಕೆಲಸವನ್ನು ಭಾನುವಾರ ರಾತ್ರಿಗೆ ಇಟ್ಟುಕೊಳ್ಳಬೇಡಿ. ಶುಕ್ರವಾರವೇ ಕೂತು ಮಾಡಿ.

ಕಾರಣ, ಹೊಸ ಖಾತೆ ಸೇರಿಸಿದ ಕೂಡಲೇ ಬ್ಯಾಂಕ್ ದೊಡ್ಡ ಮೊತ್ತ ಕಳಿಸಲು ಬಿಡುವುದಿಲ್ಲ. ಇದೇ ಕೂಲಿಂಗ್ ಅವಧಿ. ಕೆಲವು ಬ್ಯಾಂಕುಗಳಲ್ಲಿ ಮೊದಲ ಅರ್ಧ ಗಂಟೆಯೋ ಕೆಲವು ಗಂಟೆಯೋ ಏನೂ ಕಳಿಸಲಾಗದು. ಆಮೇಲೆ 24 ಗಂಟೆಯವರೆಗೆ ಸಣ್ಣ ಮಿತಿ ಇರುತ್ತದೆ. ಇನ್ನು ಕೆಲವು ಬ್ಯಾಂಕುಗಳಲ್ಲಿ ಮಿತಿ ಅದಕ್ಕಿಂತ ಜಾಸ್ತಿ ದಿನ ಇರಬಹುದು. ನಿಮ್ಮ ಬ್ಯಾಂಕಿನ ನಿಯಮ ಖಾತೆ ಸೇರಿಸುವ ಪುಟದಲ್ಲೇ ಸಿಗುತ್ತದೆ, ಓದಿಕೊಳ್ಳಿ. ನಿಮ್ಮ ಪಾಸ್‌ವರ್ಡ್ ಕದ್ದವನು ತನ್ನ ಖಾತೆ ಸೇರಿಸಿ ಒಂದೇ ಏಟಿಗೆ ಹಣ ಎಳೆಯದಿರಲಿ, ನಿಮಗೆ ಎಸ್‌ಎಂಎಸ್ ನೋಡಿ ತಡೆಯಲು ಹೊತ್ತು ಸಿಗಲಿ ಎಂದೇ ಈ ತಡೆ.

ಇಲ್ಲೇ ಜನ ಸಿಕ್ಕಿಕೊಳ್ಳುವುದು. ಎಷ್ಟೋ ಬ್ಯಾಂಕುಗಳಲ್ಲಿ ಒಮ್ಮೆ ಸೇರಿಸಿದ ಐಎಫ್‌ಎಸ್‌ಸಿಯನ್ನು, ಅಂದರೆ ಬ್ಯಾಂಕ್ ಶಾಖೆಯ ಕೋಡನ್ನು, ತಿದ್ದಲು ಬರುವುದಿಲ್ಲ. ತಪ್ಪಿದ್ದರೆ ಅಳಿಸಿ ಮತ್ತೆ ಸೇರಿಸಬೇಕು. ಆಗ ಕಾಯುವ ಗಡಿಯಾರ ಮತ್ತೆ ಮೊದಲಿನಿಂದ ಶುರು. ಆದ್ದರಿಂದ ಕೋಡ್ ಪರೀಕ್ಷೆ ಮೊದಲು, ಸೇರಿಸುವುದು ಆಮೇಲೆ.

ಐಎಫ್‌ಎಸ್‌ಸಿಯಲ್ಲಿ ಒಟ್ಟು 11 ಅಕ್ಷರ. ಮೊದಲ ನಾಲ್ಕು ಬ್ಯಾಂಕನ್ನು ಹೇಳುತ್ತವೆ, ಕೊನೆಯ ಆರು ಶಾಖೆಯನ್ನು. ನಡುವಿನ ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ ‘ಓ’ ಎಂದು ಒತ್ತುವವರು ಬಹಳ. ಚೆಕ್ಕಿನ ಕೆಳಗಿರುವ ಒಂಬತ್ತು ಅಂಕಿಯ ಸಂಖ್ಯೆ, ಮೈಸೂರಿನ ಶಾಖೆಗಳದ್ದು 570ರಿಂದ ಶುರುವಾಗುವುದು, ಎಂಐಸಿಆರ್. ಅದು ಇಲ್ಲಿ ಬೇಡ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಹಳೆಯ ಪಾಸ್‌ಬುಕ್. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿದವು. ಬೀರುವಿನಲ್ಲಿರುವ ಪಾಸ್‌ಬುಕ್ ಮಾತ್ರ ಹಾಗೇ ಇದೆ. ಮಾಲೀಕರ ಫೋಟೊದಲ್ಲಿ ಕೋಡ್ SYNB ಎಂದು ಶುರುವಾಗಿದ್ದರೆ ಅದು ಸಿಂಡಿಕೇಟಿನದ್ದು, 2021ರ ಜುಲೈಯಿಂದ ನಡೆಯುವುದಿಲ್ಲ. ಕೆನರಾ ಆ ಶಾಖೆಗಳ ಸಂಖ್ಯೆಗೆ 10000 ಕೂಡಿಸಿ ಹೊಸ ಕೋಡ್ ಕೊಟ್ಟಿತು. ಉದಾಹರಣೆಗೆ ಹೀಗೆ:

```
SYNB0001234  →  CNRB0011234
```

ಆದರೂ ಈ ಲೆಕ್ಕವನ್ನೇ ನಂಬಿ ತುಂಬಬೇಡಿ. ಶಾಖೆಗಳು ಒಂದರಲ್ಲೊಂದು ಸೇರಿಹೋಗಿರಬಹುದು. ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿರುವ ಐಎಫ್‌ಎಸ್‌ಸಿ ಪಟ್ಟಿಯಲ್ಲಿ ಹುಡುಕಿ, ಶಾಖೆಯ ಹೆಸರು, ವಿಳಾಸ ಹೊಂದುತ್ತವೆಯೇ ನೋಡಿ. ‘ಸಾರ್, ಹೊಸ ಚೆಕ್ ಬುಕ್ಕಿನ ಒಂದು ಹಾಳೆಯ ಫೋಟೊ ಕಳಿಸ್ತೀರಾ?’ ಎಂದು ಮಾಲೀಕರನ್ನೂ ಕೇಳಿ. ಅದರಲ್ಲಿ ಈಗಿನ ಕೋಡ್ ಅಚ್ಚಾಗಿರುತ್ತದೆ.

ಈಗ ಸೇರಿಸಿ. ಖಾತೆ ಸಂಖ್ಯೆಯನ್ನು ಎರಡು ಸಲವೂ ನೋಡಿಕೊಂಡೇ ಒತ್ತಿ. ಆರ್‌ಟಿಜಿಎಸ್ ಮತ್ತು ನೆಫ್ಟ್‌ನಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಮೇಲೆ, ನೀವು ಬರೆದ ಹೆಸರಿನ ಮೇಲಲ್ಲ. ಅದೇ ಬ್ಯಾಂಕಿನ ಬೇರೆ ಶಾಖೆಯ ಕೋಡ್ ಬಿದ್ದರೂ ಹಣ ಸಾಮಾನ್ಯವಾಗಿ ಸೇರುತ್ತದೆ. ಅಂಕಿ ತಪ್ಪಿ, ಆ ಸಂಖ್ಯೆಯ ಖಾತೆ ನಿಜವಾಗಿಯೂ ಇದ್ದರೆ ಹಣ ಯಾರಿಗೋ ಹೋಗುತ್ತದೆ. ಅದನ್ನು ವಾಪಸ್ ಪಡೆಯುವುದು ಬಹಳ ಕಷ್ಟ. ಖಾತೆದಾರರ ಹೆಸರನ್ನು ಮೊದಲೇ ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ, ಶುಲ್ಕವಿಲ್ಲದೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ತೆರೆಯ ಮೇಲೆ ಬಂದ ಹೆಸರನ್ನು ಪಾಸ್‌ಬುಕ್ಕಿನ ಹೆಸರಿಗೆ ಹೋಲಿಸಿ. ಇನಿಷಿಯಲ್ ಬಿಡಿಸಿ ಬರೆದಿದ್ದರೆ ಪರವಾಗಿಲ್ಲ. ಹೆಸರೇ ಬೇರೆಯಾದರೆ ಅಲ್ಲೇ ನಿಲ್ಲಿಸಿ.

ಖಾತೆ ಚಾಲೂ ಆದ ಮೇಲೆ ಹತ್ತು ರೂಪಾಯಿ ಕಳಿಸಿ, ಮಾಲೀಕರಿಗೆ ಫೋನ್ ಮಾಡಿ. ಅವರು ತಮ್ಮ ಬ್ಯಾಂಕಿನ ಎಸ್‌ಎಂಎಸ್ ನೋಡಿ ಹೇಳಲಿ. ನಿಮ್ಮ ತೆರೆಯಲ್ಲಿ ‘ಸಕ್ಸಸ್’ ಎಂದು ಬಂದರಷ್ಟೇ ಸಾಲದು, ಏಕೆಂದರೆ ತಪ್ಪು ಖಾತೆಗೆ ಹೋದಾಗಲೂ ಅದೇ ಬರುತ್ತದೆ. ಈ ನಡುವೆ ನಿಮ್ಮ ಖಾತೆಯ ದಿನದ ಮಿತಿ ಮೂರು ಲಕ್ಷ ದಾಟಿದೆಯೇ ನೋಡಿ. ಇದು ಕೂಲಿಂಗ್ ಮಿತಿಗಿಂತ ಬೇರೆ, ನಾವೇ ಕೂರಿಸಿಕೊಂಡದ್ದು.

ಶನಿವಾರ ಸಂಜೆಗೆ 24 ಗಂಟೆ ತುಂಬಿ, ನಿಮ್ಮ ಬ್ಯಾಂಕಿನ ಮಿತಿ ಅಲ್ಲಿಗೆ ಮುಗಿದರೆ, ಉಳಿದ ಹಣವನ್ನು ಆರ್‌ಟಿಜಿಎಸ್‌ನಲ್ಲಿ ಕಳಿಸಿ. ಎರಡು ಲಕ್ಷದಿಂದ ಮೇಲಿನ ಮೊತ್ತಕ್ಕೆ ಅದು ಇರುವುದು. 2020ರ ಡಿಸೆಂಬರಿನಿಂದ ಭಾನುವಾರವೂ ನಡೆಯುತ್ತದೆ. ಆ ವರ್ಗಾವಣೆಯ ಗುರುತಾಗಿ ಬಂದ ಯುಟಿಆರ್ ಸಂಖ್ಯೆಯನ್ನು ಕರಾರು ಪತ್ರದಲ್ಲಿ ಬರೆಸಿ.

ನೀವು ಸೇರಿಸದ ಖಾತೆ ಸೇರಿದೆ ಎಂದು ಯಾವಾಗಲಾದರೂ ಎಸ್‌ಎಂಎಸ್ ಬಂದರೆ ಮಾತ್ರ ಒಂದು ನಿಮಿಷವೂ ಕಾಯಬೇಡಿ. ಕೂಲಿಂಗ್ ಅವಧಿ ಮುಗಿಯುವ ಮೊದಲೇ ಬ್ಯಾಂಕಿಗೆ ಫೋನ್ ಮಾಡಿ ನೆಟ್ ಬ್ಯಾಂಕಿಂಗ್ ನಿಲ್ಲಿಸಿ. ಹಣ ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.