ಡಾಕ್ಟರ ಭೇಟಿಗೆ ಮುಂಚಿನ ಏಳು ದಿನದ ಬಿಪಿ ಲೆಕ್ಕ

ಮನೆಯಲ್ಲಿ ಬಿಪಿ ಬರೆದಿಡುವವರ ಪುಸ್ತಕ ತೆರೆದರೆ ಹೆಚ್ಚಾಗಿ ಸಿಗುವುದು ತಲೆ ಸುತ್ತಿದ ದಿನದ್ದೊಂದು, ನಿದ್ದೆಗೆಟ್ಟ ದಿನದ್ದೊಂದು ಸಂಖ್ಯೆ. ಅದನ್ನು ನೋಡಿ ಡಾಕ್ಟರು ಮಾತ್ರೆ ಬದಲಿಸಲಾರರು. ನಾನು ವರ್ಷವಿಡೀ ಅಳೆಯುವುದಿಲ್ಲ. ಭೇಟಿಗೆ ಮುಂಚಿನ ಏಳು ದಿನ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಅಷ್ಟೇ. ಮೊದಲ ದಿನದ ನಾಲ್ಕನ್ನು ಬರೆಯುತ್ತೇನೆ, ಆದರೆ ಸರಾಸರಿಗೆ ಸೇರಿಸುವುದಿಲ್ಲ. ಮಷಿನ್ ಕಟ್ಟಿಕೊಂಡ ಆತಂಕಕ್ಕೇ ಅವು ತುಸು ಮೇಲಿರುವುದುಂಟು. ಉಳಿದ ಆರು ದಿನಕ್ಕೆ 24 ಅಳತೆ. ಯುರೋಪಿನ ರಕ್ತದೊತ್ತಡ ತಜ್ಞರ ಮಾರ್ಗಸೂಚಿಯ ಕ್ರಮವೂ ಇದೇ.

ನೆನಪಿಸುವುದಕ್ಕೆ ಬೇರೆ ಆ್ಯಪ್ ಬೇಡ. ಬ್ಯಾಟರಿ ಉಳಿಸುವ ನೆಪದಲ್ಲಿ ಎಷ್ಟೋ ಫೋನುಗಳು ಅಂಥ ಆ್ಯಪ್‌ಗಳನ್ನು ಸುಮ್ಮನಾಗಿಸುತ್ತವೆ. ಫೋನಿನ ಗಡಿಯಾರದ ಅಲಾರಂ ಸಾಕು: ಬೆಳಿಗ್ಗೆ 6:45, ಸಂಜೆ 7:15. ಬೆಳಗಿನ ಸಮಯ ಗೊತ್ತುಮಾಡುವಾಗ ಗಡಿಯಾರಕ್ಕಿಂತ ಮಾತ್ರೆ ಮುಖ್ಯ. ಎದ್ದು, ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿ, ತಿಂಡಿ, ಬಿಪಿ ಮಾತ್ರೆ ಮೂರಕ್ಕೂ ಮುಂಚೆ ಅಳೆಯಬೇಕು. ಅಲಾರಂ ಹೊಡೆದ ತಕ್ಷಣ ಗುಂಡಿ ಒತ್ತುವುದಲ್ಲ, ಕೂರುವುದು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲ, ಐದು ನಿಮಿಷ ಮಾತಿಲ್ಲ. ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕಿರಲಿ; ತೊಡೆಯ ಮೇಲಿಟ್ಟರೆ ಸಂಖ್ಯೆ ಏರುತ್ತದೆ. ಒಂದು ಸಲ ಅಳೆದು, ಒಂದು ನಿಮಿಷ ಬಿಟ್ಟು, ಮತ್ತೊಂದು ಸಲ.

ತೋಳಿಗೆ ಸುತ್ತುವ ಪಟ್ಟಿಯ ಅಳತೆಯನ್ನು ಬಹಳ ಜನ ನೋಡುವುದೇ ಇಲ್ಲ. ಮಷಿನ್ ಜೊತೆ ಬರುವ ಪಟ್ಟಿಯ ಮೇಲೆ ಸಾಮಾನ್ಯವಾಗಿ 22–32 ಸೆಂ.ಮೀ. ಎಂದಿರುತ್ತದೆ. ಭುಜ ಮತ್ತು ಮೊಣಕೈ ನಡುವಿನ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ನೋಡಿ. 34 ಬಂದರೆ ಆ ಪಟ್ಟಿ ಚಿಕ್ಕದು, ಇಲ್ಲದ ಬಿಪಿಯನ್ನು ತೋರಿಸುತ್ತದೆ. ದೊಡ್ಡ ಪಟ್ಟಿ ಬೇರೆಯಾಗಿ ಸಿಗುತ್ತದೆ, ಆದರೆ ಅದೇ ಮಷಿನ್‌ನದ್ದೇ ಆಗಿರಬೇಕು.

ಬರೆಯುವುದು Google Sheets ನಲ್ಲಿ. A ತಾರೀಕು, B ಹೊತ್ತು, C ಮೇಲಿನ ಸಂಖ್ಯೆ, D ಕೆಳಗಿನದು, E ನಾಡಿ. ಒಂದು ಅಳತೆಗೆ ಒಂದು ಸಾಲು. 128/82 ಎಂದು ಒಂದೇ ಮನೆಯಲ್ಲಿ ತುಂಬಿದರೆ ಶೀಟ್ ಅದನ್ನು ಪಠ್ಯ ಎಂದುಕೊಳ್ಳುತ್ತದೆ, ಸರಾಸರಿ ಬರುವುದಿಲ್ಲ. ಹೊತ್ತಿಗೆ ‘ಬೆ’ ಅಥವಾ ‘ಸಂ’ ಅಂತಷ್ಟೇ ಹಾಕುತ್ತೇನೆ, ಏಕೆಂದರೆ ಒಂದು ದಿನ ‘ಬೆಳಿಗ್ಗೆ’, ಮರುದಿನ ‘ಬೆಳಗ್ಗೆ’ ಎಂದು ಬರೆದರೆ ಸೂತ್ರ ಒಂದನ್ನು ಬಿಟ್ಟುಬಿಡುತ್ತದೆ. ಮೊದಲ ದಿನದ ತಾರೀಕನ್ನು H1 ನಲ್ಲಿಟ್ಟರೆ, ಬೆಳಗಿನ ಮೇಲಿನ ಸಂಖ್ಯೆಯ ಸರಾಸರಿ ಹೀಗೆ:

```
=AVERAGEIFS(C:C, A:A, ">="&H1+1, A:A, "<="&H1+6, B:B, "ಬೆ")
```

ಸಂಜೆಗೆ "ಸಂ", ಕೆಳಗಿನ ಸಂಖ್ಯೆಗೆ D:D. #DIV/0! ಬಂದರೆ ಮೊದಲು ತಾರೀಕು ನೋಡಿ. ಶೀಟ್‌ನ Locale ಅಮೆರಿಕದ್ದಾಗಿದ್ದರೆ 05/03 ಎಂಬುದು ಮಾರ್ಚ್ 5 ಆಗದೆ ಮೇ 3 ಆಗುತ್ತದೆ. File → Settings ನಲ್ಲಿ ಅದನ್ನು India ಮಾಡಿಯೇ ಶುರುಮಾಡಿ.

ಬೆಳಿಗ್ಗೆ, ಸಂಜೆ ಬೇರೆಬೇರೆ ಯಾಕೆ? ಒಬ್ಬರ ವಾರ ಹೀಗಿದೆ ಎನ್ನಿ: ಬೆಳಗಿನ ಹನ್ನೆರಡು ಅಳತೆಯ ಸರಾಸರಿ 142/88, ಸಂಜೆಯದು 128/80. ಒಟ್ಟು ಸರಾಸರಿ 135/84. ಮನೆಯ ಅಳತೆಯಲ್ಲಿ 135/85 ಮುಟ್ಟಿದರೆ ಹೆಚ್ಚು ಎಂದು ಲೆಕ್ಕ (ಕ್ಲಿನಿಕ್‌ನ 140/90ಕ್ಕೆ ಸರಿಸಮ ಇದೇ), ಹಾಗಾಗಿ ಒಟ್ಟು ಸಂಖ್ಯೆ ‘ಗಡಿಯಲ್ಲಿದೆ’ ಎಂದಷ್ಟೇ ಹೇಳುತ್ತದೆ. ಬಿಡಿಸಿಟ್ಟರೆ ಏರಿಕೆ ಬೆಳಗಿನದು ಎಂಬುದು ಕಾಣುತ್ತದೆ. ಹಿಂದಿನ ದಿನದ ಮಾತ್ರೆಯ ಪ್ರಭಾವ ಬೆಳಗಿನವರೆಗೆ ಉಳಿಯುತ್ತಿಲ್ಲವೇ ಎಂದು ಡಾಕ್ಟರು ಯೋಚಿಸುವುದು ಆಗ. ಹೊತ್ತು, ಪ್ರಮಾಣ ಬದಲಿಸುವುದು ಅವರ ಕೆಲಸ, ನಮ್ಮದಲ್ಲ. ಇದೇ ವಾರದಲ್ಲಿ ಸಂಜೆಯ ಆರು ಅಳತೆ ತಪ್ಪಿಹೋಗಿ, ಉಳಿದ ಆರರ ಸರಾಸರಿಯೂ 128 ಇದ್ದಿದ್ದರೆ ಒಟ್ಟು ಮೇಲಿನ ಸಂಖ್ಯೆ 137 ಆಗುತ್ತಿತ್ತು. ಬಿಪಿ ಬದಲಾಗಲಿಲ್ಲ, ಲೆಕ್ಕ ಬದಲಾಯಿತು.

ಎರಡನೆಯ ಅಳತೆ ಕಡಿಮೆ ಬಂತೆಂದು ಮೊದಲನೆಯದನ್ನು ಅಳಿಸುವ ಚಟವೊಂದಿದೆ. 137 ಅನ್ನು 135 ಎಂದು ಬರೆಯುವುದೂ ಅದೇ ಜಾತಿಯದು. ಗಡಿಯ ಹತ್ತಿರ ಆ ಎರಡು ಅಂಕಿಯೇ ತೀರ್ಮಾನ ಬದಲಿಸಬಹುದು. ಅನುಮಾನ ಬಂದರೆ ಮಷಿನ್‌ನ ನೆನಪಿನಲ್ಲಿ ಹಳೆಯ ಅಳತೆ ನೋಡಿ, ಆದರೆ ಬ್ಯಾಟರಿ ಬದಲಿಸಿದ ಮೇಲೆ ಅದರ ಗಡಿಯಾರ ಮರಳಿ ಹೊಂದಿಸದಿದ್ದರೆ ಅಲ್ಲಿನ ತಾರೀಕನ್ನು ನಂಬಬೇಡಿ.

180/120 ದಾಟಿದರೆ ಐದು ನಿಮಿಷ ಕೂತು ಮತ್ತೆ ಅಳೆಯಿರಿ. ಆಗಲೂ ಅಷ್ಟೇ ಇದ್ದರೆ ಅಂದೇ ಡಾಕ್ಟರಿಗೆ ತಿಳಿಸಬೇಕು. ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು, ಕೈಕಾಲಿನ ಬಲ ಕುಗ್ಗುವುದು ಯಾವುದಿದ್ದರೂ ಮತ್ತೆ ಅಳೆಯುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಭೇಟಿಯ ದಿನ ಒಂದೇ ಹಾಳೆ ಒಯ್ಯುತ್ತೇನೆ. ಮೇಲೆ ಬೆಳಗಿನ, ಸಂಜೆಯ ಸರಾಸರಿ, ಮಾತ್ರೆಯ ಹೆಸರು ಮತ್ತು ನುಂಗುವ ಹೊತ್ತು. ಕೆಳಗೆ ಅಷ್ಟೂ ಸಾಲು. ಮಷಿನ್ ಕೂಡ ಚೀಲದಲ್ಲಿರುತ್ತದೆ. ಅಲ್ಲೇ ಅವರದ್ದರ ಜೊತೆ ಒಮ್ಮೆ ತಾಳೆ ನೋಡಿಸಬಹುದು.