ಓದಬೇಡ ಅಂದರೂ ಓದಿಬಿಡುವ ಕಣ್ಣು

‘ಹಸಿರು’ ಎಂಬ ಪದವನ್ನು ಕೆಂಪು ಬಣ್ಣದಲ್ಲಿ ತೋರಿಸಿ, ಬಣ್ಣ ಯಾವುದೆಂದು ಕೇಳಿದರೆ ನಾಲಿಗೆ ತಡವರಿಸುತ್ತದೆ. ಅಮೆರಿಕದ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗವಿದು. ನೂರು ಬಣ್ಣದ ಚೌಕಗಳ ಹೆಸರು ಹೇಳಲು ಅವರ ವಿದ್ಯಾರ್ಥಿಗಳಿಗೆ ಸರಾಸರಿ 63 ಸೆಕೆಂಡು ಸಾಕಾಯಿತು. ಅವೇ ಬಣ್ಣಗಳು ಬೇರೆ ಬಣ್ಣದ ಹೆಸರುಗಳ ಮೇಲೆ ಕೂತಾಗ 110 ಸೆಕೆಂಡು ಹಿಡಿಯಿತು. ಪದ ಓದುವುದಕ್ಕೆ ಮಾತ್ರ ಬಣ್ಣ ಅಷ್ಟೇನೂ ಅಡ್ಡಿಯಾಗಲಿಲ್ಲ.

ಎಂ.ಎಸ್ಸಿ. ಓದುವಾಗ ನಾನಿದನ್ನು ಕನ್ನಡದಲ್ಲಿ ಮಾಡಿದೆ. ಕೆಂಪು, ಹಸಿರು, ನೀಲಿ, ಹಳದಿ. ಉತ್ತರವನ್ನು ಬಾಯಲ್ಲೇ ಹೇಳಿಸಿ, ದನಿ ಬಿದ್ದ ಕ್ಷಣವನ್ನು ಮೈಕ್‌ನಿಂದ ಹಿಡಿಯುವುದು ಯೋಜನೆ. ಮೊದಲ ದಿನವೇ ಎಡವಟ್ಟು: ‘ಕೆಂಪು’ ಅಂದೊಡನೆ ಮೈಕ್ ಎಚ್ಚರವಾಗುತ್ತಿತ್ತು, ‘ಹಳದಿ’ಯ ಮೆಲು ಹಕಾರ ಅದಕ್ಕೆ ಕೇಳಿಸುತ್ತಲೇ ಇರಲಿಲ್ಲ. (ನಮ್ಮೂರಿನ ಗೆಳೆಯ ‘ಅಳ್ದಿ’ ಅನ್ನುತ್ತಾನೆ, ಅವನ ದಾಖಲೆ ಸೊಗಸಾಗಿತ್ತು!) ಕೊನೆಗೆ ಎಲ್ಲ ಧ್ವನಿಮುದ್ರಿಸಿ, ದನಿ ಎಲ್ಲಿ ಶುರುವಾಗುತ್ತದೆಂದು ಅಲೆಚಿತ್ರ ನೋಡಿ ಕೈಯಾರೆ ಗುರುತು ಹಾಕಿದೆ. ಎರಡು ವಾರ ಹೋಯಿತು.

ನಿಜವಾದ ಪಾಠ ಕಲಿಸಿದ್ದು ಸರದಿ. ಪದ ಮತ್ತು ಬಣ್ಣ ಹೊಂದದ ಪ್ರಶ್ನೆಗಳನ್ನು ಸುಮ್ಮನೆ ಕಲಸಿಬಿಟ್ಟಿದ್ದೆ. ಉತ್ತರದ ವೇಳೆಗಳನ್ನು ನೋಡಿದರೆ ಒಂದೇ ಬಗೆಯ ಪ್ರಶ್ನೆಗಳಲ್ಲೂ ಕೆಲವು ನಿಧಾನ. ಒಂದೊಂದಕ್ಕೂ ಹಿಂದಿನ ಪ್ರಶ್ನೆ ಏನಿತ್ತೆಂದು ನೋಡುತ್ತಾ ಹೋದಾಗ ಕಾರಣ ಕಂಡಿತು. ಮೊದಲು ಕೆಂಪಿನಲ್ಲಿ ಬರೆದ ‘ಹಸಿರು’ ಬಂತು ಅನ್ನಿ, ಉತ್ತರ ‘ಕೆಂಪು’. ಆಮೇಲೆ ಹಸಿರಿನಲ್ಲಿ ಬರೆದ ‘ನೀಲಿ’. ಈಗ ಹೇಳಬೇಕಾದದ್ದು ‘ಹಸಿರು’, ಅಂದರೆ ಈಗಷ್ಟೇ ಬೇಡವೆಂದು ಪಕ್ಕಕ್ಕೆ ತಳ್ಳಿದ ಪದ. ಅದನ್ನು ಮತ್ತೆ ಕರೆಯಲು ಕೊಂಚ ಹೆಚ್ಚು ಹೊತ್ತು ಬೇಕು. ಇದಕ್ಕೆ ನೆಗೆಟಿವ್ ಪ್ರೈಮಿಂಗ್ ಎನ್ನುತ್ತಾರೆ. ತಳ್ಳಿದ ಪದ ಇನ್ನೂ ಅದುಮಿಟ್ಟೇ ಇರುತ್ತದೆಂದು ಕೆಲವರು, ‘ಇದಕ್ಕೆ ಉತ್ತರಿಸಬೇಡ’ ಎಂಬ ನೆನಪು ಜೊತೆಗೇ ಎದ್ದು ಬರುತ್ತದೆಂದು ಇನ್ನು ಕೆಲವರು. ಯಾವುದೇ ಇರಲಿ, ಆ ವಿಳಂಬ ಒಂದು ಗುಟ್ಟು ಬಿಟ್ಟುಕೊಡುತ್ತದೆ: ‘ಪದದ ಕಡೆ ನೋಡಲೇ ಇಲ್ಲ’ ಎಂದು ಆಣೆ ಮಾಡಿದವರೂ ಅದನ್ನು ಓದಿದ್ದಾರೆ.

ನಾಲ್ಕೇ ಬಣ್ಣಗಳಿದ್ದರೆ ಇಂಥ ಜೋಡಿ ಸುಮಾರು ನಾಲ್ಕಕ್ಕೊಂದು ಬಾರಿ ತಾನಾಗಿಯೇ ಬೀಳುತ್ತದೆ. ಅದೇ ಉತ್ತರ ಬೆನ್ನುಬೆನ್ನಿಗೆ ಬಂದರೆ ಉಲ್ಟಾ, ಬಾಯಿ ಚುರುಕಾಗುತ್ತದೆ. ಎರಡೂ ಸೇರಿದ ಸರಾಸರಿಯಿಂದ ಏನೂ ತಿಳಿಯದು. ಹಾಗಾಗಿ ಎರಡನೆಯ ಸುತ್ತಿಗೆ ಸರದಿಯನ್ನು ಕೈಯಿಂದಲೇ ಕಟ್ಟಿದೆ. ಹಿಂದಿನ ಪದವೇ ಉತ್ತರವಾಗುವ ಪ್ರಶ್ನೆಗಳಿಗೆ ಬೇರೆ ಕಂಬಸಾಲು ಇಟ್ಟೆ. ತಪ್ಪು ಉತ್ತರವನ್ನೂ ಅದರ ಹಿಂದೆಯೇ ಬಂದ ಪ್ರಶ್ನೆಯನ್ನೂ ಲೆಕ್ಕದಿಂದ ತೆಗೆದೆ, ಏಕೆಂದರೆ ತಪ್ಪಿದವರು ಮುಂದಿನದರಲ್ಲಿ ತಾವಾಗಿಯೇ ನಿಧಾನಿಸುತ್ತಾರೆ.

ಆ ಸುತ್ತಿನಲ್ಲಿ ಹಾಸ್ಟೆಲಿನ ಮಲಯಾಳಿ ಹುಡುಗಿಯೊಬ್ಬಳೂ ಕೂತಿದ್ದಳು. ಕನ್ನಡ ಮಾತು ಸಲೀಸು, ಲಿಪಿ ಬಾರದು. ಪದ ಹೊಂದಲಿ ಬಿಡಲಿ, ಅವಳ ವೇಳೆ ಹೆಚ್ಚುಕಡಿಮೆ ಒಂದೇ. “ಎಲ್ಲರೂ ಯಾಕೆ ಇಷ್ಟು ಒದ್ದಾಡ್ತಾರೆ?” ಅಂತ ನನ್ನನ್ನೇ ಕೇಳಿದಳು.