ಕೈಕುಲುಕದೆ ತಂಡವನ್ನು ತೋರಿಸಿದ್ದು

ವೃತ್ತಿಪರ ಲೇಖನಗಳಿಗೆ ಮುಖಚಿತ್ರ ಮಾಡಿಕೊಡುವುದು ನನ್ನ ಕೆಲಸ. ವಿಷಯ ‘ತಂಡದ ಕೆಲಸ’ ಎಂದಿದ್ದರೆ ಚಿತ್ರಸಂಗ್ರಹಗಳಲ್ಲಿ ಆ ಪದವನ್ನು ನಾನು ಹುಡುಕುವುದೇ ಇಲ್ಲ. ಹುಡುಕಿದರೆ ಸಿಗುವುದು ಕೈಕುಲುಕುವವರು, ಒಂದರ ಮೇಲೊಂದು ಇಟ್ಟ ಅಂಗೈಗಳು, ಪಜಲ್ ತುಂಡುಗಳು. ಕೈಕುಲುಕುವುದು ಪರಿಚಯದ ಅಥವಾ ಒಪ್ಪಂದದ ಗುರುತು. ಕೆಲಸ ಆಮೇಲಿನ ಮಾತು. ಹಾಗಾಗಿ ನಾನು ಲೇಖನವನ್ನು ಪೂರ್ತಿ ಓದಿ, ಈ ತಂಡ ಒಟ್ಟಾಗಿ ಏನು ಮಾಡುತ್ತದೆ, ಅದರ ಗುರುತು ಯಾವ ವಸ್ತುವಿನ ಮೇಲೆ ಉಳಿಯುತ್ತದೆ ಎಂದು ನೋಡುತ್ತೇನೆ.

ಆಸ್ಪತ್ರೆಯ ಶುಶ್ರೂಷಕಿಯರು ಪಾಳಿ ಬದಲಾಗುವಾಗ ಒಬ್ಬರಿಗೊಬ್ಬರು ಜವಾಬ್ದಾರಿ ಒಪ್ಪಿಸುವ ಬಗ್ಗೆ ಒಂದು ಲೇಖನವಿತ್ತು, ಲಿಂಕ್ಡ್‌ಇನ್‌ಗಾಗಿ ಬರೆದದ್ದು. ರಾತ್ರಿಯವರು ಬರೆದಿಟ್ಟದ್ದನ್ನು ಬೆಳಗಿನವರು ಓದಿ, ಅದರ ಕೆಳಗೆ ಮುಂದುವರಿಸುತ್ತಾರೆ. ಎಂದರೆ ಒಂದೇ ಪುಟದಲ್ಲಿ ಇಬ್ಬರ ಕೈಬರಹ. ನನಗೆ ಬೇಕಾದ ಚಿತ್ರ ಅದೇ ಆಗಿತ್ತು. ನಿಜವಾದ ರಿಜಿಸ್ಟರಿನಲ್ಲಿ ರೋಗಿಗಳ ವಿವರ ಇರುವುದರಿಂದ ಅದನ್ನು ಮುಟ್ಟಲಿಲ್ಲ. ಗೆರೆಯಿರುವ ದಪ್ಪ ಪುಸ್ತಕವೊಂದನ್ನು ತಂದು, ಕಲ್ಪಿತ ನಮೂದುಗಳನ್ನು ಮೇಲರ್ಧದಲ್ಲಿ ನಾನು ನೀಲಿ ಶಾಯಿಯಲ್ಲಿ ಬರೆದೆ. ಕೆಳಗಿನದನ್ನು ಗೆಳತಿಯಿಂದ ಕೆಂಪಿನಲ್ಲಿ ಬರೆಸಿದೆ. ಒಬ್ಬರೇ ಅಕ್ಷರ ಬದಲಿಸಿ ಬರೆದರೆ ಒತ್ತು, ಓರೆ, ಅಕ್ಷರಗಳ ನಡುವಿನ ಅಂತರ ಒಂದೇ ಬಗೆಯಾಗಿ ಉಳಿದು ಕಣ್ಣಿಗೆ ಸುಳ್ಳು ಗೊತ್ತಾಗುತ್ತದೆ.

ಪುಸ್ತಕವನ್ನು ಕಿಟಕಿಯ ಪಕ್ಕ ಇಟ್ಟು ಮೇಲಿನಿಂದ ನೇರವಾಗಿ ಮೊಬೈಲಿನಲ್ಲೇ ತೆಗೆದೆ. ತೀರ ಹತ್ತಿರ ಹಿಡಿದರೆ ಫೋನಿನ ನೆರಳು ಪುಟದ ಮೇಲೆ ಬೀಳುತ್ತದೆ, ಅಂಚಿನ ಗೆರೆಗಳೂ ಬಾಗಿದಂತೆ ಕಾಣುತ್ತವೆ. ಫೋನನ್ನು ಮೇಲಕ್ಕೆತ್ತಿ ಎರಡು ಪಟ್ಟು ಜೂಮ್ ಮಾಡಿದರೆ ಎರಡೂ ತೊಂದರೆ ಬಹುಮಟ್ಟಿಗೆ ತಪ್ಪುತ್ತವೆ. ಕೊನೆಯಲ್ಲಿ 1920×1080 ಪಿಕ್ಸೆಲ್‌ಗೆ ಕತ್ತರಿಸಿದೆ.

ನಿಜವಾದ ಪರೀಕ್ಷೆ ಆಮೇಲೆ. ಮುಖಚಿತ್ರವನ್ನು ಹೆಚ್ಚಿನವರು ನೋಡುವುದು ಫೋನಿನ ಪರದೆಯಲ್ಲಿ, ಬೆರಳು ಸರಿಸುತ್ತಾ. ಚಿತ್ರವನ್ನು ಹೆಬ್ಬೆರಳಿನಷ್ಟು ಅಗಲಕ್ಕೆ ಕುಗ್ಗಿಸಿ ನೋಡಿದರೆ ಇಡೀ ಪುಟದ ಬರಹ ಬೂದು ಮಚ್ಚೆಯಾಗುತ್ತದೆ. ಅದಕ್ಕೇ ನೀಲಿ ನಿಂತು ಕೆಂಪು ಶುರುವಾಗುವ ಜಾಗದ ನಾಲ್ಕೈದು ಸಾಲುಗಳನ್ನು ಮಾತ್ರ ಚೌಕಟ್ಟಿನಲ್ಲಿ ಉಳಿಸಿದೆ. ಬಣ್ಣ ತೆಗೆದು ಕಪ್ಪುಬಿಳುಪಿನಲ್ಲೂ ನೋಡಿದೆ: ಎರಡು ಶಾಯಿಗಳೂ ಒಂದೇ ಗಾಢತೆಯವಾದರೆ ಬಣ್ಣ ಗುರುತಿಸಲಾಗದವರಿಗೆ ಬದಲಾವಣೆ ಸರಿಯಾಗಿ ತಿಳಿಯದು. ನೀಲಿಯನ್ನು ಕೊಂಚ ಕಡುವಾಗಿಸಬೇಕಾಯಿತು.

ಶೀರ್ಷಿಕೆಯಿಲ್ಲದೆ ಚಿತ್ರವನ್ನಷ್ಟೇ ತೋರಿಸಿದಾಗ ಸಹೋದ್ಯೋಗಿಯೊಬ್ಬರು ‘ಇಬ್ಬರು ಬರೆದ ಲೆಕ್ಕದ ಪುಸ್ತಕವೇ?’ ಎಂದು ಕೇಳಿದರು. ನನಗೆ ಅಷ್ಟು ಸಾಕಾಗಿತ್ತು. ‘ಇಬ್ಬರು’ ಎಂಬುದನ್ನು ಚಿತ್ರ ಹೇಳಬೇಕು. ಆಸ್ಪತ್ರೆ, ಪಾಳಿ ಎಂಬುದನ್ನು ಶೀರ್ಷಿಕೆ ಹೇಳುತ್ತದೆ. ಉತ್ತರದಲ್ಲಿ ‘ಇಬ್ಬರು’ ಬಾರದೆ ‘ಯಾವುದೋ ದಾಖಲೆ’ ಎಂದಷ್ಟೇ ಬಂದಿದ್ದರೆ ಚಿತ್ರವನ್ನು ಬದಲಿಸುತ್ತಿದ್ದೆ.

ಈ ದಾರಿ ಎಲ್ಲ ಲೇಖನಗಳಿಗೂ ಒದಗುವುದಿಲ್ಲ. ಯಾವ ತಂಡ, ಯಾವ ಕೆಲಸ ಎಂಬುದೇ ಇಲ್ಲದೆ ಸಹಕಾರದ ಗುಣಗಾನವಷ್ಟೇ ಇರುವ ಬರಹಕ್ಕೆ ಇಂಥ ವಸ್ತು ಸಿಗದು. ಆಗ ನಾನು ಲೇಖಕರನ್ನೇ ಕೇಳುತ್ತೇನೆ: ನೀವು ಕಣ್ಣಾರೆ ಕಂಡ ಒಂದು ತಂಡದ ಮೇಜಿನ ಮೇಲೆ ಏನಿತ್ತು?